ಮನೆಮಾತಿಗೆ ಸುಮ್ನೆ ಎಚ್ಚರವಾಗದ ಹೆಸರು ಯಾವುದಿಡೋಣ?

ಕೇಳಿದವರು: ಮನೆಯಲ್ಲಿ ಹೋಮ್ ಅಸಿಸ್ಟೆಂಟ್ ಹಾಕಿದ್ದೇನೆ. ಕರೆಯುವ ಹೆಸರು ‘ಓಕೆ ನಾಬು’. ಯಾರೂ ಕರೆಯದೆ ಇದ್ದರೂ ದಿನಕ್ಕೆ ನಾಲ್ಕೈದು ಸಲ ಲೈಟ್ ಹತ್ತಿಸಿಕೊಂಡು ಕೂರುತ್ತೆ. ಬದಲಿಗೆ ‘ಪುಟ್ಟಿ’ ಅಂತ ಇಡೋಣ ಅಂದುಕೊಂಡಿದ್ದೇನೆ. ಅನುಭವ ಇದ್ದವರು ಹೇಳಿ.

ಬೆಣ್ಣೆದೋಸೆ: ಪುಟ್ಟಿ ಬೇಡ. ತೀರಾ ಗಿಡ್ಡ ಹೆಸರು, ‘ಪುಟ್ಟ’, ‘ಬುಟ್ಟಿ’, ‘ಕೊಟ್ಟಿ’ ಎಲ್ಲಕ್ಕೂ ಹತ್ತಿರ.

ಮೊದಲು ಈಗ ಯಾಕೆ ಏಳುತ್ತಿದೆ ನೋಡಿ. ಮನೆಯಿಂದ ಹೊರಡುವಾಗ ‘ಓಕೆ, ನಾ ಬರ್ತೀನಿ’ ಅಂತೀರಲ್ವಾ? ಅದರೊಳಗೆ ‘ಓಕೆ ನಾ ಬ...’ ಪೂರ್ತಿ ಇದೆ. ಅದಕ್ಕೆ ಅರ್ಥ ಗೊತ್ತಿಲ್ಲ, ಪದ ಎಲ್ಲಿ ಮುಗಿಯಿತು ಅನ್ನೋದೂ ಗೊತ್ತಿಲ್ಲ. ಕರೆಯುವ ಹೆಸರನ್ನು ಗುರುತಿಸಲು ನಾನು ಬಳಸುವ openWakeWord ಅನ್ನೋ ಸಾಫ್ಟ್‌ವೇರ್ 80 ಮಿಲಿಸೆಕೆಂಡಿಗೊಮ್ಮೆ, ಈಗ ಕೇಳಿದ ಸದ್ದು ಹೆಸರಿಗೆ ಎಷ್ಟು ಹತ್ತಿರ ಅಂತ 0ಯಿಂದ 1ರೊಳಗೆ ಒಂದು ಅಂಕ ಕೊಡುತ್ತೆ. ನಾವು ಏನೂ ಬದಲಾಯಿಸದಿದ್ದರೆ 0.5 ದಾಟಿದ ಕೂಡಲೇ ಎಚ್ಚರ. ಹಾಗಾಗಿ ಹೆಸರನ್ನು ಒಂಟಿಯಾಗಿ ಹೇಳಿ ನೋಡಿದರೆ ಸಾಲದು, ಅಡುಗೆಮನೆಯ ಮಾತಿನ ಮಧ್ಯೆ ಅದರ ತುಂಡುಗಳು ಎಲ್ಲೆಲ್ಲಿ ಬರುತ್ತವೆ ಅಂತ ಕಿವಿಗೊಟ್ಟು ಕೇಳಬೇಕು.

ನಾನು ಮೊದಲು ‘ಜೋಕಾಲಿ’ ಇಟ್ಟಿದ್ದೆ. ದಿನದ ಮಾತಿನಲ್ಲಿ ಯಾರೂ ಹೇಳದ ಪದ ಅಂತ ನಂಬಿದ್ದೆ. ಮೂರು ದಿನ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟು, ಎದ್ದಾಗಲೆಲ್ಲ ಸಮಯ ಮತ್ತು ಆಗ ಆಡಿದ ಮಾತು ಬರೆದುಕೊಂಡೆ. ಮುಕ್ಕಾಲು ಪಾಲು ಒಂದೇ ಜಾತಿಯ ಮಾತು: ‘ಹಾಲೂ ಖಾಲಿ’, ‘ಗ್ಯಾಸೂ ಖಾಲಿ’. ಹೆಸರಿನ ಬಾಲ ನಮ್ಮ ಮನೆಯಲ್ಲಿ ದಿನಾ ಓಡಾಡುತ್ತಿತ್ತು, ನಾನು ತಲೆ ಮಾತ್ರ ನೋಡಿದ್ದೆ.

ಕಾಫಿತೋಟ: ಉದ್ದ ಇದ್ದಷ್ಟೂ ಒಳ್ಳೆಯದು, ಅಷ್ಟೇ. ನಾನು ‘ನಮ್ಮ ಮನೆಯ ಮುದ್ದಿನ ಗಿಣಿಮರಿ’ ಅಂತ ಇಟ್ಟು 0.9 ಮಾಡಿದ್ದೇನೆ. ಒಂದು ಸಲವೂ ಸುಮ್ನೆ ಎದ್ದಿಲ್ಲ.

ಬಿಸಿಬೇಳೆ: ನಮ್ಮದು ಅಂಗಡಿಯಿಂದ ತಂದ ಸ್ಪೀಕರ್. ಪಟ್ಟಿಯಲ್ಲಿ ಇದ್ದ ನಾಲ್ಕೈದು ಹೆಸರಲ್ಲಿ ‘ಕಂಪ್ಯೂಟರ್’ ಆರಿಸಿದೆ. ಮಗ ಬಿಸಿಎ ಓದುತ್ತಾನೆ, ಮನೆಯಲ್ಲಿ ದಿನವೆಲ್ಲ ಅದೇ ಪದ! ಮೈಕ್ ಬಟನ್ ಒತ್ತಿ ಆಫ್ ಮಾಡಿಡುವುದೇ ಒಳ್ಳೆಯದಲ್ವಾ?

ಬೆಣ್ಣೆದೋಸೆ: ಕಾಫಿತೋಟ ಅವರೇ, ಉದ್ದ ಬೇಕು ನಿಜ, ಆದರೆ ಮೂರರಿಂದ ಐದು ಉಚ್ಚಾರ ಸಾಕು. ಅದಕ್ಕಿಂತ ಉದ್ದವಾದರೆ ಬೆಳಿಗ್ಗೆ ನಿದ್ದೆಗಣ್ಣಲ್ಲಿ ನಾವೇ ಮಧ್ಯದ್ದನ್ನು ನುಂಗುತ್ತೇವೆ. ಕರೆದಾಗ ಎಷ್ಟು ಸಲ ಏಳಲಿಲ್ಲ ಅಂತಲೂ ಎಣಿಸಿದ್ದೀರಾ? 0.9ರಲ್ಲಿ ಆ ಲೆಕ್ಕ ಜಾಸ್ತಿ ಆಗುತ್ತೆ.

ಈಗ ನನ್ನ ಹೆಸರು ‘ಜಂಬುಸವಾರಿ’. ಕಾರಣ ಹೇಳುತ್ತೇನೆ. openWakeWordಗೆ ಹೊಸ ಹೆಸರು ಕಲಿಸುವ ತರಬೇತಿಗೆ ಬೇಕಾದ ಸಾವಿರಾರು ಧ್ವನಿಗಳನ್ನು ಕಂಪ್ಯೂಟರೇ ಇಂಗ್ಲಿಷ್ ದನಿಯಲ್ಲಿ ಓದಿ ತಯಾರಿಸುತ್ತೆ. ಅದಕ್ಕೆ ನಮ್ಮ ಳ, ಣ ಬರಲ್ಲ, ‘ಗುಬ್ಬಚ್ಚಿ’ಯಂಥ ಒತ್ತೂ ಸರಿಯಾಗಿ ಬರಲ್ಲ. ಪ, ತ, ಕ ಮೊದಲಿಗೆ ಬಂದರೆ ಉಸಿರು ಸೇರಿಸಿ ಹೇಳುತ್ತೆ, ನಾವು ಹಾಗೆ ಹೇಳಲ್ಲ. ಜಂಬುಸವಾರಿಯಲ್ಲಿ ಜ, ಂಬ, ಸ, ವ, ರ ಎಲ್ಲ ಬೇರೆ ಬೇರೆ ಸದ್ದು, ಎಲ್ಲವೂ ಅದರ ಬಾಯಿಗೆ ಬರುತ್ತವೆ. ಆದರೂ ಸ್ಪೆಲ್ಲಿಂಗ್ ನಮಗೆ ಸರಿ ಅನ್ನಿಸುವವರೆಗೆ ಒಂದು ಮಾದರಿ ಮಾಡಿಸಿ ಕೇಳಬೇಕು. ನಾನು ನಾಲ್ಕನೇ ಸಲಕ್ಕೆ ಹೀಗೆ ಬರೆದೆ:

```yaml
target_phrase:
  - "jumboo suh vaaree"
custom_negative_phrases:
  - "jumboo"
  - "suh vaaree"
```

ಕೆಳಗಿನ ಎರಡು ಸಾಲು ಅರ್ಧ ಹೆಸರಿಗೆ ಏಳಬೇಡ ಅಂತ ಕಲಿಸುವುದಕ್ಕೆ. ಜೋಕಾಲಿಗೆ ‘ಖಾಲಿ’ಯನ್ನು ಹೀಗೆ ಹಾಕಿದ್ದರೆ ಸ್ವಲ್ಪ ಉಳಿಯುತ್ತಿತ್ತೋ ಏನೋ.

ಅಜ್ಜಿಮೊಮ್ಮಗ: ಸುಮ್ನೆ ಏಳುವುದು ಗಂಟೆಗೆ ಅರ್ಧ ಸಲಕ್ಕಿಂತ ಕಡಿಮೆ ಇರಬೇಕು ಅನ್ನೋದು openWakeWordನ ಗುರಿ ಅಂತ ಓದಿದ್ದೆ. ಅಷ್ಟಾದರೆ ಸಾಕಲ್ವಾ?

ಬೆಣ್ಣೆದೋಸೆ: ಲೆಕ್ಕ ಹಾಕಿ, ಅರ್ಧ ಅಂದರೆ 24 ಗಂಟೆಗೆ 12 ಸಲ. ಮನೆಗೆ ಅದು ತುಂಬಾ ಜಾಸ್ತಿ. ನಾನು ವಾರಕ್ಕೆ ಒಂದೆರಡು ಅಂತ ಇಟ್ಟುಕೊಂಡೆ. ಮೊದಲು ಹೆಸರು ಬದಲಿಸಿ, ಆಮೇಲೆ 0.5ರಿಂದ 0.6ಕ್ಕೆ ಏರಿಸಿ, ಪ್ರತಿ ಸಲ ಮನೆಯವರೆಲ್ಲರಿಂದ ಹತ್ತತ್ತು ಸಲ ಕರೆಸಿ ನೋಡಿ. ನನಗೆ 0.6 ಸಾಕಾಯಿತು. ವಿಜಯದಶಮಿ ದಿನ ಟಿವಿ ಮುಂದೆ ಮಾತ್ರ ಮೈಕ್ ಆಫ್ ಮಾಡಲೇಬೇಕು.

ಅಜ್ಜಿಮೊಮ್ಮಗ: ನಮ್ಮ ಅಜ್ಜಿಗೆ ‘ಜಂಬೂಸವಾರಿ’ ಅಂತ ಎಳೆದೇ ಅಭ್ಯಾಸ. ಮೂರು ವರ್ಷದ ಮಗು ‘ಚವಾಲಿ’ ಅನ್ನುತ್ತೆ. ಇವರಿಬ್ಬರಿಗೆ?

ಬೆಣ್ಣೆದೋಸೆ: ಅಜ್ಜಿಗೆ ಎರಡನೇ ಸ್ಪೆಲ್ಲಿಂಗ್ ಅನ್ನೂ `target_phrase`ಗೆ ಸೇರಿಸಿ ನೋಡಿ. ಮಗುವಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಮಗಳು ಕರೆದಾಗಲೂ ಹತ್ತರಲ್ಲಿ ನಾಲ್ಕು ಸಲ ಮಾತ್ರ ಏಳುತ್ತೆ. ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ.

ಕೇಳಿದವರು: ‘ಓಕೆ ನಾ ಬರ್ತೀನಿ’ ಈಗಲೇ ಬಾಗಿಲ ಹತ್ತಿರ ನಿಂತು ಹೇಳಿದೆ. ಎದ್ದಿತು. ಪುಟ್ಟಿ ಬಿಟ್ಟೆ, ನಾಳೆಯಿಂದ ನೋಟ್‌ಬುಕ್.