ಎರಡು ತಿಂಗಳು ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ

ಮೂಡಿಗೆರೆಯ ಸೊಸೆ: ನಮ್ಮ ಅತ್ತೆಯವರ ಹಿಮೋಗ್ಲೋಬಿನ್ 8 ಇದೆ. ಎರಡು ತಿಂಗಳಿನಿಂದ ಕಬ್ಬಿಣದ ಮಾತ್ರೆ ಕೊಟ್ಟರೂ ಏರಿಲ್ಲ. ಅನುಭವವಿದ್ದವರು ತಿಳಿಸಿ.

ಸಕಲೇಶಪುರದ ಗೃಹಿಣಿ: ನನ್ನದು 7.4ಕ್ಕೆ ಇಳಿದಿತ್ತು. ನಾಲ್ಕು ತಿಂಗಳ ಕಾಲ ಬೆಳಗಿನ ಕಾಫಿಯ ಲೋಟದ ಜೊತೆಗೇ ಮಾತ್ರೆ ನುಂಗಿದೆ. ಕಾಫಿಯು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವೆಂದು ಯಾರೂ ಹೇಳಲಿಲ್ಲ. ಮಲ ಕಪ್ಪಾದಾಗ ಹೆದರಿ ನಿಲ್ಲಿಸಿಯೂ ಬಿಟ್ಟೆ, ಅದು ಮಾತ್ರೆಯ ಸಹಜ ಗುಣವೆಂದು ತಿಳಿದದ್ದು ಆಮೇಲೆ. ಕೊನೆಗೆ ಹಾಸನದಲ್ಲಿ ಎರಡು ಸಲ ಕಬ್ಬಿಣದ ಡ್ರಿಪ್ ಹಾಕಿಸಿಕೊಂಡೆ: ಪ್ರತಿ ಸಲ ಔಷಧಕ್ಕೆ 3,800, ಹಾಸಿಗೆಗೆ 900, ಕಾರಿಗೆ 1,600, ಒಟ್ಟು 12,600 ರೂಪಾಯಿ. ಮಾತ್ರೆಯೋ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತ್ತು!

ಬೇಲೂರಿನ ನಿವೃತ್ತ ಶಿಕ್ಷಕ: ಎಲ್ಲದಕ್ಕೂ ಕಾಫಿಯನ್ನೇ ದೂರುವುದು ಈಗಿನ ರೂಢಿ. ಸಸ್ಯಾಹಾರಿಯಾದ ನನ್ನ ಪತ್ನಿಗೆ ಕಬ್ಬಿಣದಿಂದ ಏನೂ ಆಗಲಿಲ್ಲ. ಫೋಲಿಕ್ ಆಸಿಡ್ ಮಾತ್ರೆ, ಸೊಪ್ಪಿನ ಸಾರು, ರಾಗಿಮುದ್ದೆಯಿಂದಲೇ 11ಕ್ಕೆ ಬಂದರು. ನಮ್ಮಂಥವರಿಗೆ ಅಷ್ಟು ಸಾಕು.

ಚಿಕ್ಕಮಗಳೂರಿನ ಪ್ರಯೋಗಾಲಯ ತಂತ್ರಜ್ಞೆ: ದಯವಿಟ್ಟು ಅಷ್ಟು ಸಾಕೆನ್ನಬೇಡಿ. ಅರಸೀಕೆರೆಯ ಕಡೆ ತೋಟ ಮಾಡುತ್ತಿರುವ ನನ್ನ ತಂದೆಗೆ 6.9 ಇದ್ದಾಗ ರಕ್ತಕಣದ ಸರಾಸರಿ ಗಾತ್ರ, ಅಂದರೆ ವರದಿಯಲ್ಲಿನ ಎಂ.ಸಿ.ವಿ., 114 ಇತ್ತು. ಕಬ್ಬಿಣ ಕಡಿಮೆಯಾದರೆ ಕಣ ಸಣ್ಣದಾಗಿ 80ರ ಕೆಳಗೆ ಇಳಿಯುತ್ತದೆ. ಬಿ12 ಅಥವಾ ಫೋಲೇಟ್ ಕಡಿಮೆಯಾದರೆ ದೊಡ್ಡದಾಗಿ 100 ದಾಟುತ್ತದೆ. ಅದನ್ನು ನೋಡದೆ ಒಬ್ಬರು ಬರಿಯ ಫೋಲಿಕ್ ಆಸಿಡ್ ಕೊಟ್ಟರು. ರಕ್ತ ಏರಿತು, ಆದರೆ ಬಿ12 ಕೊರತೆ ಒಳಗೇ ನರಗಳನ್ನು ತಿನ್ನುತ್ತಿತ್ತು. ಚಪ್ಪಲಿ ಕಾಲಿನಿಂದ ಜಾರಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಬಿ12 ಚುಚ್ಚುಮದ್ದು ಶುರುವಾದ ಮೇಲೆಯೂ ಕಾಲಿನ ಮರಗಟ್ಟುವಿಕೆ ಪೂರ್ತಿ ಹೋಗಿಲ್ಲ. ಸೊಪ್ಪಿನಲ್ಲಿ ಫೋಲೇಟ್ ಇದೆ, ಬಿ12 ಇಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಿಂದ ಬರಬೇಕು.

ಬೇಲೂರಿನ ನಿವೃತ್ತ ಶಿಕ್ಷಕ: ನನ್ನ ಪತ್ನಿ ಚೆನ್ನಾಗಿಯೇ ನಡೆಯುತ್ತಾರೆ, ಹೆದರಿಸಬೇಡಿ.

ಸಕಲೇಶಪುರದ ಗೃಹಿಣಿ: ಮೇಷ್ಟ್ರೇ, ಅವರ ಬಿ12 ಪರೀಕ್ಷೆ ಮಾಡಿಸಿದ್ದೀರಾ? ಇಲ್ಲವಾದರೆ ಇನ್ನೊಬ್ಬರಿಗೆ ಉಪದೇಶವೇಕೆ?

ಬೇಲೂರಿನ ನಿವೃತ್ತ ಶಿಕ್ಷಕ: ಕಾಫಿ ಕುಡಿದು ಮಾತ್ರೆ ನುಂಗಿದವರಿಂದ ನನಗೆ ಪಾಠ ಬೇಡ.

ಮೂಡಿಗೆರೆಯ ಸೊಸೆ: ಅತ್ತೆಯವರ ವರದಿಯಲ್ಲಿ ಎಂ.ಸಿ.ವಿ. 86 ಇದೆ, ಆರ್.ಡಿ.ಡಬ್ಲ್ಯೂ. 22 ಎಂದಿದೆ. ಅವರೂ ಮಾತ್ರೆಯ ಹಿಂದೆಯೇ ಕಾಫಿ ಕುಡಿಯುತ್ತಾರೆ.

ಚಿಕ್ಕಮಗಳೂರಿನ ಪ್ರಯೋಗಾಲಯ ತಂತ್ರಜ್ಞೆ: 86 ನೋಡಿ ಸಮಾಧಾನಪಡಬೇಡಿ. ಸಣ್ಣ ಕಣವೂ ದೊಡ್ಡ ಕಣವೂ ಬೆರೆತಾಗ ಸರಾಸರಿ ಸರಿಯಾಗಿಯೇ ಕಾಣುತ್ತದೆ. ಆ 22 ಎಂಬುದು ಕಣಗಳು ಒಂದೇ ಅಳತೆಯಲ್ಲಿಲ್ಲವೆಂದು ಹೇಳುತ್ತಿದೆ. ಎರಡೂ ಕೊರತೆ ಇರಬಹುದು, ಬೇರೇನಾದರೂ ಇರಬಹುದು. ವೈದ್ಯರನ್ನು ಕೇಳಿ ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12 ಮತ್ತು ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪದ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದೂ ನೋಡಿಸಿ. ಅಲ್ಲಿಯವರೆಗೆ ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ನಿಂಬೆ ಪಾನಕದೊಂದಿಗೆ ಕೊಡಿ, ಕಾಫಿಯನ್ನು ಎರಡು ಗಂಟೆ ದೂರವಿಡಿ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದು ಬೇರೆ ಹೊತ್ತಿಗೆ ಇರಲಿ.

ಮೂಡಿಗೆರೆಯ ಸೊಸೆ: ಕಾಫಿಯ ವಿಷಯ ಅತ್ತೆಯವರಿಗೆ ಹೇಳುವವರು ಯಾರು?