ಪಂಪ್‌ಹೌಸ್ ಮೋಡೆಮ್‌ಗಳು ಡೇಟಾ ನುಂಗುತ್ತಿವೆ, ಏನು ಮಾಡಿದಿರಿ?

ಕೇಳಿದವರು: ನಮ್ಮ ಪಂಚಾಯಿತಿಯ ಬೋರ್‌ವೆಲ್ ಪಂಪ್‌ಹೌಸ್‌ಗಳಿಗೆ ಮೋಡೆಮ್ ಹಾಕಿಸಿದ್ದೇವೆ. ಮೋಟಾರ್ ಓಡುತ್ತಿದೆಯಾ, ಎಷ್ಟು ಆಂಪ್ಸ್, ಟ್ಯಾಂಕ್ ಎಷ್ಟು ತುಂಬಿದೆ ಅಂತ ನಿಮಿಷಕ್ಕೊಮ್ಮೆ ಬರುತ್ತದೆ. ಸಿಮ್‌ಗೆ ತಿಂಗಳಿಗೆ 50 ಎಂಬಿ. ಆರೇ ದಿನಕ್ಕೆ ಖಾಲಿ! ಕಳಿಸುವುದು ಬರೀ ನಾಲ್ಕು ಅಂಕಿ. ಅನುಭವ ಇದ್ದವರು ಹೇಳಿ.

ತಿಪಟೂರು ಎಲೆಕ್ಟ್ರಿಷಿಯನ್: ನಿಮಿಷಕ್ಕೊಮ್ಮೆ ಯಾಕೆ ಸ್ವಾಮಿ? ಹದಿನೈದು ನಿಮಿಷಕ್ಕೊಮ್ಮೆ ಅಂತ ಮಾಡಿ, ಕಥೆ ಮುಗೀತು.

ಪ್ಯಾನೆಲ್ ಕೆಲಸದವನು: ಡೇಟಾ ಉಳಿಯುತ್ತದೆ, ನಿಜ. ಆದರೆ ಬೋರ್‌ನಲ್ಲಿ ನೀರು ಕಡಿಮೆಯಾದದ್ದು ಹದಿನೈದು ನಿಮಿಷ ತಡವಾಗಿ ಗೊತ್ತಾಗುತ್ತದೆ. ಡ್ರೈ ರನ್ ಆದಾಗ ಮೋಟಾರ್ ನಿಲ್ಲಿಸುವ ರಿಲೇ ಪ್ಯಾನೆಲ್‌ನಲ್ಲೇ ಇರಲಿ, ಮೋಡೆಮ್ ನಂಬಿ ಕೂರಬೇಡಿ.

ನಿಮ್ಮ ಲೆಕ್ಕ ನೋಡಿದರೆ ಪ್ರತಿ ಸಲ ಹೊಸದಾಗಿ ಎಚ್‌ಟಿಟಿಪಿಎಸ್ ಕನೆಕ್ಷನ್ ತೆರೆಯುತ್ತಿದೆ ಅನ್ನಿಸುತ್ತದೆ. ಅಂಕಿಗಳು ಮೂವತ್ತು ಬೈಟ್ ಇರಬಹುದು. ಸರ್ಟಿಫಿಕೇಟ್ ಕೊಟ್ಟು ತೆಗೆದುಕೊಳ್ಳುವುದಕ್ಕೇ ಐದಾರು ಕೆಬಿ ಹೋಗುತ್ತದೆ. ದಿನಕ್ಕೆ 1440 ಸಲ ಅಂದರೆ ಎಂಟು ಎಂಬಿ ಮೇಲೆ. ನಿಮ್ಮ ಆರು ದಿನಕ್ಕೆ ಸರಿಹೋಯಿತಲ್ವಾ?

ಎಂಕ್ಯೂಟಿಟಿಗೆ ಬದಲಾಯಿಸಿ, ಒಂದೇ ಕನೆಕ್ಷನ್ ತೆರೆದಿಟ್ಟುಕೊಳ್ಳಿ. ಮೋಟಾರ್ ಆನ್ ಅಥವಾ ಆಫ್ ಆದಾಗ, ಆಂಪ್ಸ್ ದಿಢೀರ್ ಇಳಿದಾಗ ತಕ್ಷಣ ಕಳಿಸಲಿ. ಮೆಸೇಜ್ ಇಷ್ಟು ಸಾಕು:

```
m=1,i=11.8,t=64,s=14
```

ಮೋಟಾರ್, ಆಂಪ್ಸ್, ಟ್ಯಾಂಕ್ ಶೇಕಡಾ, ಸಿಗ್ನಲ್. ನಮ್ಮ 7.5 ಎಚ್‌ಪಿ ಮೋಟಾರ್‌ನದು ಇದು. 11.8 ಇದ್ದದ್ದು 7ರ ಆಸುಪಾಸಿಗೆ ಬಂದರೆ ನೀರು ಸಿಗುತ್ತಿಲ್ಲ ಅಂತ ಅರ್ಥ.

ಇನ್ನೊಂದು. ಕನೆಕ್ಷನ್ ಸುಮ್ನೆ ಬಿಟ್ಟರೆ ಮೊಬೈಲ್ ಕಂಪನಿಯವರ ನೆಟ್‌ವರ್ಕ್ ಕೆಲವು ನಿಮಿಷದಲ್ಲಿ ಅದನ್ನು ಮರೆತುಬಿಡುತ್ತದೆ. ಹಾಗಾಗಿ ನಾಲ್ಕೈದು ನಿಮಿಷಕ್ಕೊಂದು ಪಿಂಗ್ ಹೋಗಬೇಕು. ಹೇಗೂ ಪಿಂಗ್‌ಗೆ ದುಡ್ಡು ಕೊಡುತ್ತೀರಿ, ಅದರ ಬದಲು ಅಂಕಿಗಳನ್ನೇ ಕಳಿಸಿ. ಹೆಡರ್, ಉತ್ತರ ಎಲ್ಲ ಸೇರಿ ಒಂದಕ್ಕೆ 250 ಬೈಟ್ ಹಿಡಿದರೂ ತಿಂಗಳಿಗೆ ಮೂರು ಎಂಬಿ ದಾಟುವುದಿಲ್ಲ.

ತೋಟದವನು, ಹಿರಿಯೂರು: ನನಗೆ ಇಷ್ಟೆಲ್ಲ ಬೇಡ. ತೋಟದ ಮೊಬೈಲ್ ಸ್ಟಾರ್ಟರ್‌ಗೆ ಮಿಸ್ಡ್ ಕಾಲ್ ಕೊಟ್ಟರೆ ಮೋಟಾರ್ ಆನ್. ಆದರೆ ಹೋದ ವಾರ ಜಿಯೋ ಸಿಮ್ ಹಾಕಿದೆ, ಏನೂ ಆಗಲೇ ಇಲ್ಲ. ಯಾಕೆ?

ಪ್ಯಾನೆಲ್ ಕೆಲಸದವನು: ನಿಮ್ಮದು ಹಳೇ 2ಜಿ ಸ್ಟಾರ್ಟರ್ ಇರಬೇಕು. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಬೇರೆ ಕಂಪನಿ ಸಿಮ್ ಹಾಕಿ.

ನೀರುಗಂಟಿ: ನಂದೊಂದು ಮಾತು. ಟ್ಯಾಂಕ್ ತುಂಬುವಾಗ ನೀರು ಅಲೆಯಾಡುತ್ತದೆ. 63, 64, 63 ಅಂತ ಸೆನ್ಸರ್ ಕುಣಿಯುತ್ತದೆ. ನಮ್ಮಲ್ಲಿ ಬದಲಾದಾಗಲೆಲ್ಲ ಕಳಿಸು ಅಂತ ಇಟ್ಟಿದ್ದಕ್ಕೆ ಮೊದಲಿಗಿಂತ ಜಾಸ್ತಿ ಮೆಸೇಜ್ ಬಂತು. ಐದು ಪರ್ಸೆಂಟ್ ಬದಲಾದರೆ ಮಾತ್ರ ಕಳಿಸುವ ಹಾಗೆ ಮಾಡಿಸಿದ ಮೇಲೆ ತಣ್ಣಗಾಯಿತು. ಕರೆಂಟ್ ಇಲ್ಲ ಅನ್ನುವುದನ್ನೂ ಬೇರೆಯಾಗಿ ಹೇಳಲಿ. ತ್ರೀ ಫೇಸ್ ಇಲ್ಲದಿರುವಾಗ ರಾತ್ರಿ ಎರಡಕ್ಕೆ 'ಟ್ಯಾಂಕ್ ಖಾಲಿ' ಅಂತ ಫೋನ್ ಬಂದರೆ ನಾನೇನು ಬಿಂದಿಗೇಲಿ ತುಂಬಲಾ?

ಕೇಳಿದವರು: ಎಂಕ್ಯೂಟಿಟಿ ಮಾಡಿಸಿದೆವು. ಎಲ್ಲ ಕಡೆ ನಾಲ್ಕು ಎಂಬಿ ಒಳಗೆ ಬಂದಿದೆ. ಗುಡ್ಡದ ಹಿಂದಿನ ಪಂಪ್‌ಹೌಸ್ ಮಾತ್ರ ಇನ್ನೂ 40 ತಿನ್ನುತ್ತಿದೆ. `AT+CSQ` ಕೊಟ್ಟರೆ 6 ತೋರಿಸುತ್ತದೆ.

ತಿಪಟೂರು ಎಲೆಕ್ಟ್ರಿಷಿಯನ್: ಸಿಗ್ನಲ್ಲೇ ಇಲ್ಲ ಬಿಡಿ. ದೊಡ್ಡ ಆಂಟೆನಾ ಹಾಕಿ.

ಪ್ಯಾನೆಲ್ ಕೆಲಸದವನು: 6 ಅಂದರೆ ಮೈನಸ್ 101 ಡಿಬಿಎಂ. ಕಡಿಮೆಯೇ, ಆದರೂ ಕೆಲಸ ನಡೆಯಬೇಕು. ಆಂಟೆನಾ ಕಬ್ಬಿಣದ ಪೆಟ್ಟಿಗೆ ಒಳಗಿದ್ದರೆ ಮೊದಲು ಹೊರಗೆ ತನ್ನಿ. ದೊಡ್ಡದು ಕೊಳ್ಳುವ ಮೊದಲು ಕನೆಕ್ಷನ್ ಕಡಿದ ಸಮಯಗಳನ್ನು ತೆಗೆದು ನೋಡಿ. ದಿನವಿಡೀ ಚದುರಿದ್ದರೆ ಸಿಗ್ನಲ್ ತೊಂದರೆ. ಮೋಟಾರ್ ಸ್ಟಾರ್ಟ್ ಆದ ಹೊತ್ತಿಗೇ ಕಡಿಯುತ್ತಿದ್ದರೆ ವೋಲ್ಟೇಜ್ ಕುಸಿದು ಮೋಡೆಮ್ ರೀಸ್ಟಾರ್ಟ್ ಆಗುತ್ತಿದೆ. 2ಜಿಯಲ್ಲಿ ಕಳಿಸುವ ಕ್ಷಣಕ್ಕೆ ಮೋಡೆಮ್ ಎರಡು ಆಂಪ್ಸ್‌ವರೆಗೆ ಎಳೆಯುತ್ತದೆ, ಅಗ್ಗದ ಅಡಾಪ್ಟರ್ ತಡೆಯುವುದಿಲ್ಲ. 12 ವೋಲ್ಟ್ 7 ಎಎಚ್ ಬ್ಯಾಟರಿ ಮೇಲೆ ಓಡಿಸಿ. ಕರೆಂಟ್ ಹೋದ ಸುದ್ದಿಯೂ ಅದರಿಂದಲೇ ಬರುತ್ತದೆ.

ಕಡಿದ ತಕ್ಷಣ ಮತ್ತೆ ಮತ್ತೆ ಕನೆಕ್ಟ್ ಆಗಲು ಬಿಡಬೇಡಿ. ಪ್ರತಿ ಸಲವೂ ಆ ಐದಾರು ಕೆಬಿ ಹೋಗುತ್ತದೆ. ಅರ್ಧ ನಿಮಿಷ, ಒಂದು, ಎರಡು, ಆಮೇಲೆ ಐದು ನಿಮಿಷ ಹೀಗೆ ಕಾದು ಪ್ರಯತ್ನಿಸಲಿ.

ಕೇಳಿದವರು: ಸಮಯ ತೆಗೆದೆ. ಅರ್ಧದಷ್ಟು ಮೋಟಾರ್ ಸ್ಟಾರ್ಟ್ ಹೊತ್ತಿಗೇ ಇವೆ. ಉಳಿದವು ಬೆಳಗಿನ ಜಾವ ಮೂರರಿಂದ ಐದರ ಒಳಗೆ, ಆಗ ಮೋಟಾರ್ ಓಡುವುದೇ ಇಲ್ಲ. ಬ್ಯಾಟರಿ ತರಿಸುತ್ತಿದ್ದೇವೆ. ಆ ಎರಡನೆಯದು ಏನಿರಬಹುದು?

ನೀರುಗಂಟಿ: ಆ ಟವರ್‌ಗೆ ರಾತ್ರಿ ಕರೆಂಟ್ ಇರುತ್ತದಾ, ಮೊದಲು ಅದನ್ನು ವಿಚಾರಿಸಿ.