ಈ ವಾರದ ಸಮಸ್ಯೆ: ಗುಬ್ಬಿಯ ಗರ್ಜನೆಗೆ ಗಿರಿಯ ಸಿಂಗದ ನಡುಕಂ

ನಿವೃತ್ತ ಮೇಷ್ಟ್ರು: ಕಂದದ ಕೊನೆಯ ಸಾಲು ಕೊಟ್ಟಿದ್ದೇನೆ. ಭಾನುವಾರದ ತನಕ ಸಮಯ. ಕಳೆದ ವಾರದ ಜಗಳ ಇಲ್ಲಿಗೆ ತರಬೇಡಿ.

ತುಮಕೂರು ಹುಡುಗ: ಬೋಣಿ ನನ್ನದೇ.

ಹಬ್ಬದ ಮೈಕಿನ ಮೇಗಡೆ
ಮಬ್ಬಿನೊಳುಲಿಯಲ್ ಮೃಗಾಲಯದ ಗವಿಯೊಳಗಂ
ಹಬ್ಬಿದ ದನಿ ತುಂಬಲ್ಕಾ
ಗುಬ್ಬಿಯ ಗರ್ಜನೆಗೆ ಗಿರಿಯ ಸಿಂಗದ ನಡುಕಂ

ನಿವೃತ್ತ ಮೇಷ್ಟ್ರು: ಚೆನ್ನಾಗಿದೆ. ಮೈಕು ಒಳ್ಳೆಯ ಉಪಾಯ.

ಕಂದಪ್ರಿಯ: ಮೃಗಾಲಯದ ಸಿಂಹ ಗಿರಿಯದು ಹೇಗಾಯಿತೋ. ಇರಲಿ, ನನ್ನದು ಇದು. ಇಲ್ಲಿ ಗುಬ್ಬಿ ಎಂದರೆ ಊರು, ಸಿಂಹ ಎಂದರೆ ವೇಷ.

ಕಬ್ಬಿಣ ಕಂಠದ ನಟನವ-
ನಬ್ಬರಮಂ ಕೇಳ್ದು ವೇಷದವನುಂ ಬೆದರಲ್
ಹಬ್ಬಿತು ಸುದ್ದಿ ಸಭೆಯೊಳಾ
ಗುಬ್ಬಿಯ ಗರ್ಜನೆಗೆ ಗಿರಿಯ ಸಿಂಗದ ನಡುಕಂ

ಜೋರಾಗಿ ಓದಿ ನೋಡಿ. ಬ್ಬ, ಬ್ಬ, ಬ್ಬ ಎಂದು ನಗಾರಿ ಬಡಿಯುತ್ತದೆ. ಸಿಂಹ ನಡುಗುವುದು ಅರ್ಥದಿಂದಲ್ಲ, ಆ ಒತ್ತಕ್ಷರದ ಏಟಿನಿಂದ.

ತುಮಕೂರು ಹುಡುಗ: ನಮ್ಮೂರ ಪಕ್ಕದ ಗುಬ್ಬಿ ಬಂತಲ್ಲ, ಖುಷಿ! ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆ ತಂದ ವೀರಣ್ಣನವರ ಕಂಪನಿ ಅಲ್ವಾ ಅದು. ವೇಷದ ಸಿಂಹ ಏನು ಲೆಕ್ಕ.

ಮಲೆನಾಡ ಅಕ್ಕ: ಪದ್ಯಕ್ಕೆ ಭೇಷ್. ನಗಾರಿಯ ಮಾತು ಮಾತ್ರ ಒಪ್ಪಲಾರೆ. ಬ್ಬ ನೀವು ತಂದದ್ದಲ್ಲ, ಮೇಷ್ಟ್ರು ಕೊಟ್ಟದ್ದು. ಪ್ರಾಸಕ್ಕೆ ಯಾರು ಬರೆದರೂ ಬ್ಬ ಇರಲೇಬೇಕು. ಮೇಲಿನ ಹುಡುಗನ ಪದ್ಯದಲ್ಲೂ ಅಷ್ಟೇ ಇದೆ. ಅಲ್ಲಿ ನಗಾರಿ ಯಾಕೆ ಕೇಳಿಸಲಿಲ್ಲ?

ಕಂದಪ್ರಿಯ: ಅಲ್ಲಿ ಮೈಕು ಇತ್ತಲ್ಲ, ನಗಾರಿ ಬೇಕಿರಲಿಲ್ಲ. ಅಕ್ಕಾ, ಒತ್ತಕ್ಷರ ಓಜಸ್ಸಿಗೆ ಸಲ್ಲುತ್ತದೆ ಅಂತ ಮಮ್ಮಟನೇ ಹೇಳಿದ್ದಾನೆ. ಅವನ ಜೊತೆ ಜಗಳ ಆಡಿ.

ಮಲೆನಾಡ ಅಕ್ಕ: ಮಮ್ಮಟ ಹೇಳಿದ್ದು ಇಂಥ ವರ್ಣ ಇಂಥ ಗುಣಕ್ಕೆ ಹೊಂದುತ್ತದೆ ಅಂತ. ವರ್ಣ ಇದ್ದರೆ ಸಾಕು, ಗುಣ ತಾನೇ ಬರುತ್ತದೆ ಅಂತಲ್ಲ. ಇದನ್ನು ಓದಿ ನಗಾರಿ ಕೇಳಿಸಿದರೆ ಹೇಳಿ.

ಅಬ್ಬೆಯ ಮಡಿಲೊಳ್ ಮಲಗುತೆ
ತಬ್ಬಿದ ಮಗು ಕಂಡ ಕನಸಿನೊಳಗಿಂತಾಯ್ತಯ್
ಇಬ್ಬನಿಯೆಳವೆಳಗಿನೊಳಾ
ಗುಬ್ಬಿಯ ಗರ್ಜನೆಗೆ ಗಿರಿಯ ಸಿಂಗದ ನಡುಕಂ

ಅದೇ ಬ್ಬ, ಅದೇ ಜಾಗ. ಅಬ್ಬೆ, ತಬ್ಬು, ಇಬ್ಬನಿ. ಏಟು ಎಲ್ಲಿ ಹೋಯಿತು?

ನಿವೃತ್ತ ಮೇಷ್ಟ್ರು: ಎಳವೆಳಗು! ಆಹಾ.

ಹೊಸ ಲೇಖನಿ: ನಮಸ್ಕಾರ. ಹಾಗಾದರೆ ಬ್ಬ ಬೇಡವಾ? ನಾನು ಡ್ಡ ಹಾಕಿ ಅರ್ಧ ಬರೆದಿದ್ದೇನೆ. ದೊಡ್ಡ, ಗುಡ್ಡ ಎಲ್ಲ ಇದೆ.

ತುಮಕೂರು ಹುಡುಗ: ಅಯ್ಯೋ ಬೇಡಪ್ಪ. ಗುಬ್ಬಿಯನ್ನು ಗುಡ್ಡಿ ಮಾಡ್ತೀಯಾ?

ಕಂದಪ್ರಿಯ: ಅಕ್ಕನ ಕುಶಲತೆ ಒಪ್ಪಿದೆ, ವಾದ ಒಪ್ಪಿಲ್ಲ. ಹಾಗಿದ್ದರೆ ರನ್ನನ ಗದಾಯುದ್ಧದ ಪದ್ಯಕ್ಕೆ ಏನು ಹೇಳುತ್ತೀರಿ? ವೈಶಂಪಾಯನ ಸರೋವರದ ದಡದಲ್ಲಿ ಭೀಮ ಗರ್ಜಿಸುತ್ತಾನೆ, ನೀರೊಳಗೆ ದುರ್ಯೋಧನ ಬೆವರುತ್ತಾನೆ.

ಆರವಮಂ ನಿರ್ಜಿತಕಂ
ಠೀರವರವಮಂ ನಿರಸ್ತಘನರವಮಂ ಕೋ
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ರ ರ ರ! ಭೀಮನೇ ಗುಡುಗುತ್ತಿದ್ದಾನೆ. ಕಂಠೀರವವನ್ನು ಸಾಲಿನ ಕೊನೆಯಲ್ಲಿ ಮುರಿದು, ಠೀ ಎನ್ನುವುದನ್ನು ಮುಂದಿನ ಸಾಲಿನ ನೆತ್ತಿಗೆ ಬಡಿದಿದ್ದಾನೆ ನೋಡಿ. ಅದು ಬೇಕೆಂದೇ ಮಾಡಿದ್ದು.

ಒರಟು ಗಮಕಿ: ನಾನು ವಾಚನದಲ್ಲಿ ಆ ಠೀಯನ್ನು ಎಳೆಯುತ್ತೇನೆ. ಸಭೆ ಮೈಮರೆಯುತ್ತದೆ. ಹಾಗಾಗಿ ಕಂದಪ್ರಿಯರ ಕಡೆ ನನ್ನ ಮತ.

ಮಲೆನಾಡ ಅಕ್ಕ: ಒಳ್ಳೆಯ ಪದ್ಯ ತಂದಿರಿ, ಬಿಡಿಸಿ ನೋಡೋಣ. ಮೊದಲು ಆ ಮುರಿದ ಪದ. ಕಂದದಲ್ಲಿ ಪದ ಮುರಿಯುವುದು ದಿನನಿತ್ಯದ ಮಾತು. ಇದೇ ಪದ್ಯದಲ್ಲಿ ಕೋಪವೂ ಮುರಿದಿದೆಯಲ್ಲ, ಕೋ ಒಂದು ಕಡೆ, ಪಾ ಇನ್ನೊಂದು ಕಡೆ. ಅಲ್ಲಿ ಯಾರನ್ನು ಬಡಿದ? ನಿಮ್ಮ ಪದ್ಯದಲ್ಲೂ 'ನಟನವನಬ್ಬರ' ಮುರಿದಿದೆ. ಠೀರ, ಪಾರು ಎರಡೂ ಪ್ರಾಸಕ್ಕೆ ಬೇಕಿತ್ತು.

ಇನ್ನು ರ. ಎಣಿಸಿ, ಒತ್ತಾಗಿ ಬಂದದ್ದೂ ಸೇರಿ 12 ಇವೆ. ಅದರಲ್ಲಿ 4 ಪ್ರಾಸದ್ದು. ಕೊನೆಯ ಸಾಲು ನೋಡಿ: ನೀರೊಳಗೆ, ಇರ್ದುಂ, ಬೆಮರ್ತಂ, ಉರಗ. ಭೀಮನ ಕೂಗು ಮುಗಿದಿದೆ, ದುರ್ಯೋಧನ ಸುಮ್ನೆ ಬೆವರುತ್ತಿದ್ದಾನೆ, ಅಲ್ಲೂ 4 ರ! ರ ಅಂದರೆ ಗುಡುಗು ಅಂತಾದರೆ ಬೆವರೂ ಗುಡುಗಬೇಕಾಗುತ್ತದೆ.

ಕಂದಪ್ರಿಯ: ಅಂದರೆ ರನ್ನನಿಗೆ ಕಿವಿ ಇರಲಿಲ್ಲ ಅಂತೀರಾ?

ಮಲೆನಾಡ ಅಕ್ಕ: ಅಂದೆನಾ? ಅವನ ಕಿವಿ ಇದ್ದದ್ದು ರ ಮೇಲಲ್ಲ, 'ರವ' ಮೇಲೆ. ಅದು ಮೊದಲ ಎರಡು ಸಾಲಲ್ಲಿ 4 ಸಲ ಬರುತ್ತದೆ, ಕೊನೆಯ ಎರಡರಲ್ಲಿ ಒಂದೂ ಇಲ್ಲ. ಮೊದಲನೆಯದಕ್ಕೂ ಕಂಠೀರವಕ್ಕೂ ಪ್ರಾಸದ ನೆಪ ಹೇಳಬಹುದು. ಉಳಿದೆರಡನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಬದಲಿಸಿ ನೋಡಿ, ಮಾತ್ರೆ ಕೆಡುವುದಿಲ್ಲ:

ಠೀರವದನಿಯಂ ನಿರಸ್ತಘನದನಿಯಂ ಕೋ

ಅರ್ಥ ಎಲ್ಲೂ ಹೋಗಲಿಲ್ಲ. ಹೋದದ್ದು ಏನು? ರವರವ ಅಂತ ನಾಲಗೆ ನಿಲ್ಲದೆ ಓಡುತ್ತಿತ್ತು, ಅದು ಹೋಯಿತು. ಸಿಂಹದ ಹೆಸರಿನ ಒಳಗಿದ್ದ ರವ, ಅದರ ಕೂಗಿನ ರವ, ಮೋಡದ ರವ, ಇವೆಲ್ಲ ಭೀಮನ ರವದ ಕೆಳಗೆ ಸಾಲಾಗಿ ಬಿದ್ದಂತೆ ಕೇಳುತ್ತಿತ್ತು, ಅದೂ ಹೋಯಿತು. ನಾನು ಧೈರ್ಯವಾಗಿ ಹೇಳುವುದು ಅಷ್ಟೇ. ಒಂದೇ ಸದ್ದು ಮರಳಿ ಬಂದು ಮೂರು ಕೂಗನ್ನು ಹೋಲಿಸುವ ಕೆಲಸಕ್ಕೆ ಹೆಗಲು ಕೊಡುತ್ತದೆ. ರವ ತಾನಾಗಿ ಗರ್ಜಿಸುವುದಿಲ್ಲ. ಕಲರವದಲ್ಲೂ ಅದೇ ರವ ಇದೆ, ಅಲ್ಲಿ ಹಕ್ಕಿ ಹಾಡುತ್ತದೆ.

ನಿವೃತ್ತ ಮೇಷ್ಟ್ರು: ಘನದನಿ ಅರಿಸಮಾಸ. ಕಂಠೀರವದನಿಯೂ ಅದೇ.

ಮಲೆನಾಡ ಅಕ್ಕ: ಮೇಷ್ಟ್ರೇ, ಪರೀಕ್ಷೆಗೆ ಹಾಕಿದ್ದು, ರನ್ನನಿಗೆ ತಿದ್ದುಪಡಿ ಅಲ್ಲ.

ನಿವೃತ್ತ ಮೇಷ್ಟ್ರು: ಪರೀಕ್ಷೆಯಲ್ಲೂ ಅರಿಸಮಾಸ ಅರಿಸಮಾಸವೇ. ನಿಮ್ಮ ಕಿವಿಗೆ ಕೆಟ್ಟದ್ದು ರವ ಹೋಗಿದ್ದಕ್ಕೋ, ಸಮಾಸ ಕೆಟ್ಟದ್ದಕ್ಕೋ? ಹೇಗೆ ಬೇರೆ ಮಾಡುತ್ತೀರಿ?

ತುಮಕೂರು ಹುಡುಗ: ಇದು ಪಾಯಿಂಟು!

ಮಲೆನಾಡ ಅಕ್ಕ: ಅರಿಸಮಾಸ ಇಲ್ಲದ, ಅದೇ ಮಾತ್ರೆಯ ಬದಲಿ ಪದ ನೀವೇ ಕೊಡಿ. ನಿನದ ಹಾಕಿದರೆ ದ್ವಿತೀಯೆಗೆ ಒಂದು ಮಾತ್ರೆ ಜಾಸ್ತಿ ಆಗುತ್ತದೆ.

ಒರಟು ಗಮಕಿ: ನನ್ನ ಠೀ ವಿಷಯ ಯಾರೂ ಎತ್ತಲಿಲ್ಲ.

ಮಲೆನಾಡ ಅಕ್ಕ: ನಿಮ್ಮ ಎಳೆತ ನಿಮ್ಮದು, ಚೆನ್ನಾಗಿಯೇ ಇರುತ್ತದೆ. ಆದರೆ ಆ ಗಂಟಲಿದ್ದರೆ ಇಬ್ಬನಿಯನ್ನೂ ಗುಡುಗಿಸಬಹುದು. ಎಳೆಯದೆ, ಪತ್ರಿಕೆ ಓದಿದ ಹಾಗೆ ಒಂದು ಸಲ ಓದಿ. ಆಗಲೂ ಉಳಿಯುವುದು ಪದ್ಯದ್ದು.

ಒರಟು ಗಮಕಿ: ಕಂದವನ್ನು ಪತ್ರಿಕೆಯ ಹಾಗೆ ಓದಬೇಕಂತೆ. ಕೇಳಿದಿರಾ ಮೇಷ್ಟ್ರೇ.

ಕಂದಪ್ರಿಯ: ಸರಿ, ಸಮಸ್ಯೆಯ ಸಾಲಿಗೇ ಬನ್ನಿ. ಗುಬ್ಬಿ, ಗರ್ಜನೆ, ಗಿರಿ. ಮೂರು ಗ. ಇದಕ್ಕೂ ಏನೂ ಇಲ್ಲವೋ?

ಮಲೆನಾಡ ಅಕ್ಕ: ಇದೆ. ಗಿರಿಯ ತೆಗೆದು ವನದ ಹಾಕಿ, ಸಾಲು ನಡೆಯುತ್ತದೆ, ಆದರೆ ಸ್ವಲ್ಪ ಪೆಚ್ಚಾಗುತ್ತದೆ. ಗರ್ಜನೆಯ ಜಾಗದಲ್ಲಿ ಅಬ್ಬರ ತಂದರೆ ನಗುವೇ ಹೋಗುತ್ತದೆ. ಗುಬ್ಬಿಗೂ ಗರ್ಜನೆಗೂ ಅರ್ಥದಲ್ಲಿ ನಂಟಿಲ್ಲ, ಗ ಬಲವಂತವಾಗಿ ಮದುವೆ ಮಾಡಿಸಿದೆ. ಮೂರನೆಯ ಗ ಯತಿ ಆದ ತಕ್ಷಣ ಬರುತ್ತದೆ, ಹಾಗಾಗಿ ಎದ್ದು ಕಾಣುತ್ತದೆ.

ಕಂದಪ್ರಿಯ: ನಾನು ಬ್ಬ ಅಂದರೆ ತಪ್ಪು, ನೀವು ಗ ಅಂದರೆ ಶಾಸ್ತ್ರ. ಆಗಲಿ. ಅಬ್ಬರ ಹಾಕಿದರೂ ನನಗೆ ನಗು ಬರುತ್ತದೆ.

ನಿವೃತ್ತ ಮೇಷ್ಟ್ರು: ಸಾಲು ನನ್ನದು. ಗ ಮೂರು ಬಂದದ್ದು ನನಗೂ ಈಗಲೇ ಗೊತ್ತಾಗಿದ್ದು.

ಹೊಸ ಲೇಖನಿ: ಹುಬ್ಬು, ಮಬ್ಬು, ಉಬ್ಬಸ ಸಿಕ್ಕಿವೆ. ಕಬ್ಬು ಹಾಕಬಹುದಾ? ಸಿಂಹ ಕಬ್ಬಿನ ಗದ್ದೆಗೆ ಹೋಗುತ್ತಾ?

ತುಮಕೂರು ಹುಡುಗ: ಮಂಡ್ಯದ ಸಿಂಹ ಆದರೆ ಹೋಗುತ್ತೆ. ಹಾಕು.